ಸೇರ್ ಎಲ್ಲಿ, ಎಸ್ತಾರ್ ಎಲ್ಲಿ: ಇಂಗ್ಲಿಷ್ ಬಿಟ್ಟು ಕನ್ನಡದಿಂದ ಹೋಗುವ ದಾರಿ

ಸ್ಪ್ಯಾನಿಷ್ ಕಲಿಯುವವರ ನೋಟ್‌ಬುಕ್ ತಿದ್ದುವಾಗ ನನ್ನ ಕೆಂಪು ಪೆನ್ನು ಹೆಚ್ಚು ಸಲ ನಿಲ್ಲುವುದು ಒಂದೇ ಜಾಗದಲ್ಲಿ. ಇಂಗ್ಲಿಷ್‌ನಲ್ಲಿ ಒಂದೇ ‘ಈಸ್’ ಇದ್ದ ಕಡೆ ಸ್ಪ್ಯಾನಿಷ್‌ನಲ್ಲಿ ಎರಡು ಕ್ರಿಯಾಪದಗಳಿವೆ: ಸೇರ್ ಮತ್ತು ಎಸ್ತಾರ್. ಯಾವುದನ್ನು ಹಾಕಬೇಕು ಅಂತ ಕೇಳಿದರೆ ಎಲ್ಲರೂ ಒಂದೇ ಸೂತ್ರ ಹೇಳುತ್ತಾರೆ: ಶಾಶ್ವತವಾದರೆ ಸೇರ್, ತಾತ್ಕಾಲಿಕವಾದರೆ ಎಸ್ತಾರ್.

ಈ ಸೂತ್ರವನ್ನು ಮೊದಲು ಮರೆತುಬಿಡಿ. ಸತ್ತವನಿಗೆ ಸ್ಪ್ಯಾನಿಷ್‌ನಲ್ಲಿ ‘ಎಸ್ತಾ ಮ್ವೇರ್ತೊ’ ಅನ್ನುತ್ತಾರೆ. ಅಂದರೆ ಎಸ್ತಾರ್. ಸಾವಿಗಿಂತ ಶಾಶ್ವತವಾದದ್ದು ಇನ್ನೇನಿದೆ ಹೇಳಿ? ‘ಈಗ ಮೂರು ಗಂಟೆ’ ಅನ್ನೋಕೆ ‘ಸೋನ್ ಲಾಸ್ ತ್ರೇಸ್’. ಅಂದರೆ ಸೇರ್. ಮೂರು ಗಂಟೆ ಒಂದು ನಿಮಿಷವೂ ನಿಲ್ಲುವುದಿಲ್ಲ. ಸೂತ್ರ ಎರಡೂ ಕಡೆ ತಲೆಕೆಳಗು.

ಅದರ ಬದಲು ಕೆಳಗಿನ ಕ್ರಮದಲ್ಲಿ ಹೋಗಿ. ಕ್ರಮ ಮುಖ್ಯ. ತಪ್ಪು ಮಾಡುವವರಲ್ಲಿ ಹೆಚ್ಚಿನವರು ಸೀದಾ ಐದನೇ ಹಂತಕ್ಕೆ ಹಾರಿ ಅಲ್ಲಿ ಒದ್ದಾಡುತ್ತಾರೆ. ಅರ್ಧಕ್ಕರ್ಧ ವಾಕ್ಯಗಳು ಅಲ್ಲಿಯವರೆಗೆ ಬರುವುದೇ ಇಲ್ಲ.

## ಕೈಯಲ್ಲಿ ಇರಬೇಕಾದದ್ದು

ವರ್ತಮಾನ ಕಾಲದ ರೂಪಗಳು ಬಾಯಿಗೆ ಬರಬೇಕು. ಸೇರ್‌ಗೆ: ಸೋಯ್, ಏರೆಸ್, ಎಸ್, ಸೋಮೊಸ್, ಸೋಯ್ಸ್, ಸೋನ್. ಎಸ್ತಾರ್‌ಗೆ: ಎಸ್ತೋಯ್, ಎಸ್ತಾಸ್, ಎಸ್ತಾ, ಎಸ್ತಾಮೊಸ್, ಎಸ್ತಾಯ್ಸ್, ಎಸ್ತಾನ್. ನಾನು, ನೀನು, ಅವನು ಅಥವಾ ಅವಳು, ನಾವು, ನೀವೆಲ್ಲ, ಅವರು, ಇದೇ ಸಾಲಿನಲ್ಲಿ. ನಾಲ್ಕನೆಯದರ ನಂತರದ ‘ನೀವೆಲ್ಲ’ ರೂಪ ಸ್ಪೇನ್‌ನಲ್ಲಿ ಮಾತ್ರ ಬೇಕಾಗುತ್ತದೆ. ಲ್ಯಾಟಿನ್ ಅಮೆರಿಕದಲ್ಲಿ ‘ಅವರು’ ರೂಪವನ್ನೇ ಅದಕ್ಕೂ ಬಳಸುತ್ತಾರೆ.

‘ಎಸ್ತಾ’ ಅನ್ನುವಾಗ ಒತ್ತು ಕೊನೆಯಲ್ಲಿರಲಿ. ಒತ್ತು ಮೊದಲಿಗೆ ಬಂದು ‘ಎಸ್ತ’ ಆದರೆ ಅದು ‘ಈ’ ಅನ್ನುವ ಬೇರೆಯೇ ಪದ. ಬರೆಯುವಾಗಲೂ ಕ್ರಿಯಾಪದಕ್ಕೆ ಕೊನೆಯ ಅಕ್ಷರದ ಮೇಲೆ ಓರೆ ಗೀಟು ಬೇಕು. ಈ ಬರಹದಲ್ಲಿ ದೀರ್ಘ ಬಂದ ಕಡೆ ಒತ್ತು ಇದೆ ಅಂತ ಓದಿಕೊಳ್ಳಿ.

## ಹಂತ 1: ವಾಕ್ಯವನ್ನು ಕನ್ನಡದಲ್ಲಿ ಹೇಳಿ

ಇಂಗ್ಲಿಷ್ ಈ ವ್ಯತ್ಯಾಸವನ್ನು ಮುಚ್ಚಿಹಾಕುತ್ತದೆ. ಕನ್ನಡ ಅಷ್ಟು ಮುಚ್ಚುವುದಿಲ್ಲ. ‘ಅವಳು ಡಾಕ್ಟರ್’ ಅನ್ನುವಾಗ ನಮಗೆ ಕ್ರಿಯಾಪದವೇ ಬೇಡ. ‘ಅವಳು ಮನೇಲಿದ್ದಾಳೆ’ ಅನ್ನುವಾಗ ‘ಇರು’ ಬೇಕು. ಮೊದಲನೆಯದು ಸ್ಪ್ಯಾನಿಷ್‌ನಲ್ಲಿ ಸೇರ್, ಎರಡನೆಯದು ಎಸ್ತಾರ್. ಅಮ್ಮನ ಬಗ್ಗೆ ‘ಹೇಗಿದ್ದಾರೆ?’ ಅಂತ ಕೇಳಿದರೆ ಆರೋಗ್ಯ ವಿಚಾರಿಸಿದ ಹಾಗೆ: ‘ಕೋಮೊ ಎಸ್ತಾ?’ ‘ಎಂಥವರು?’ ಅಂತ ಕೇಳಿದರೆ ಸ್ವಭಾವ, ರೂಪ ಕೇಳಿದ ಹಾಗೆ: ‘ಕೋಮೊ ಎಸ್?’

ನೆನಪಿಡೋಕೆ ನಮಗೊಂದು ಪುಕ್ಕಟೆ ಸೌಲಭ್ಯ ಇದೆ. ಸೇರ್ ಅಂದಾಗ ಕನ್ನಡದ ‘ಸೇರು’ ನೆನಪಾಗಲಿ. *ಇದು ಯಾವ ಗುಂಪಿಗೆ ಸೇರಿದ್ದು?* ಅನ್ನುವುದಕ್ಕೆ ಉತ್ತರ ಸೇರ್. *ಈಗ ಯಾವ ಸ್ಥಿತಿಯಲ್ಲಿದೆ, ಎಲ್ಲಿದೆ?* ಅನ್ನುವುದಕ್ಕೆ ಉತ್ತರ ಎಸ್ತಾರ್. ಎರಡು ಪದಗಳಿಗೂ ನಂಟೇನಿಲ್ಲ, ಸುಮ್ನೆ ಕಾಕತಾಳೀಯ. ಆದರೆ ಕೆಲಸಕ್ಕೆ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಕನ್ನಡದ ವಾಕ್ಯ ‘ನನಗೆ’ ಅಂತ ಶುರುವಾದರೆ ತಡೆಯಿರಿ. ‘ನನಗೆ ಹಸಿವಾಗಿದೆ’, ‘ನನಗೆ ಚಳಿ ಆಗ್ತಿದೆ’, ‘ನನಗೆ 25 ವರ್ಷ’: ಈ ಮೂರಕ್ಕೂ ಸೇರ್ ಬೇಡ, ಎಸ್ತಾರ್ ಕೂಡ ಬೇಡ. ‘ತೆನೇರ್’ ಬೇಕು: ‘ತೇಂಗೊ ಆಂಬ್ರೆ’, ‘ತೇಂಗೊ ಫ್ರೀಯೊ’. ಆದರೆ ‘ನನಗೆ ಸುಸ್ತಾಗಿದೆ’, ‘ನನಗೆ ಬೋರಾಗಿದೆ’ ಅನ್ನುವುದಕ್ಕೆ ಎಸ್ತಾರ್ ಬರುತ್ತದೆ. ಹಾಗಾಗಿ ‘ನನಗೆ’ ಕಂಡಾಗ ಒಂದು ಕ್ಷಣ ನಿಲ್ಲಿ, ಅಷ್ಟೇ.

## ಹಂತ 2: ಯೋಚನೆಯೇ ಬೇಡದ ವಾಕ್ಯಗಳನ್ನು ಮೊದಲೇ ತೆಗೆಯಿರಿ

ಕ್ರಿಯಾಪದದ ನಂತರ ನಾಮಪದ ಬಂದರೆ ಸೇರ್. ಕೆಲಸ, ಸಂಬಂಧ, ವಸ್ತುವಿನ ಹೆಸರು, ಏನೇ ಇರಲಿ. ‘ಸೋಯ್ ಇನ್ಹೆನ್ಯೇರೊ’, ನಾನು ಇಂಜಿನಿಯರ್. ನಾಳೆ ಕೆಲಸ ಬಿಟ್ಟರೂ ಇವತ್ತು ಸೇರ್. ಕನ್ನಡದಲ್ಲಿ ‘ಈಗ ಮ್ಯಾನೇಜರ್ ಆಗಿದ್ದಾನೆ’ ಅಂತ ‘ಇರು’ ಬಂದರೂ ಮೋಸ ಹೋಗಬೇಡಿ. ನಾಮಪದ ಇದೆ, ಸೇರ್.

ಗಂಟೆ, ವಾರ, ಊರು, ಯಾವುದರಿಂದ ಮಾಡಿದ್ದು, ಯಾರದ್ದು: ಇವಕ್ಕೂ ಸೇರ್. ‘ಎಸ್ ಲೂನೆಸ್’, ಇವತ್ತು ಸೋಮವಾರ. ‘ಸೋಯ್ ದೆ ಮೈಸೂರು’, ನಾನು ಮೈಸೂರಿನವನು. ಕನ್ನಡದಲ್ಲಿ ಇವೆಲ್ಲಕ್ಕೂ ‘ಇದೆ’ ಬೇಡ ಅನ್ನುವುದನ್ನು ಗಮನಿಸಿ.

ಕೆಲಸ ನಡೆಯುತ್ತಾ ಇದ್ದರೆ, ಅಂದರೆ ಕ್ರಿಯಾಪದ ‘-ಆಂದೊ’ ಅಥವಾ ‘-ಯೇಂದೊ’ ಅಂತ ಮುಗಿದರೆ, ಎಸ್ತಾರ್. ‘ಎಸ್ತೋಯ್ ಕೊಮ್ಯೇಂದೊ’, ತಿನ್ನುತ್ತಾ ಇದ್ದೀನಿ. ನಮ್ಮ ‘-ತ್ತಾ ಇದ್ದೀನಿ’ ಪೂರ್ತಿ ಇದೇ ಅಚ್ಚು.

## ಹಂತ 3: ಜಾಗ ಹೇಳುತ್ತಿದ್ದೀರಾ? ವಸ್ತುವೋ, ಕಾರ್ಯಕ್ರಮವೋ ನೋಡಿ

ವಸ್ತು, ಮನುಷ್ಯ, ಊರು, ಕಟ್ಟಡ ಎಲ್ಲಿದೆ ಅನ್ನೋಕೆ ಎಸ್ತಾರ್. ಬೆಂಗಳೂರು ಎಲ್ಲಿಗೂ ಓಡಿಹೋಗುವುದಿಲ್ಲ, ಆದರೂ ‘ಬೆಂಗಳೂರು ಎಸ್ತಾ ಎನ್ ಕರ್ನಾಟಕ’.

ಕಾರ್ಯಕ್ರಮ ಎಲ್ಲಿ ನಡೆಯುತ್ತದೆ ಅನ್ನೋಕೆ ಸೇರ್. ಮದುವೆ, ಮೀಟಿಂಗು, ಪರೀಕ್ಷೆ, ಕ್ಲಾಸು. ಇಲ್ಲಿ ಕನ್ನಡ ಕೈಕೊಡುತ್ತದೆ. ‘ಮದುವೆ ಛತ್ರದಲ್ಲಿದೆ’ ಅಂತ ನಾವು ‘ಇದೆ’ ಹಾಕಿಯೇ ಹೇಳುತ್ತೇವೆ. ಅದಕ್ಕೇ ಒಂದು ಪರೀಕ್ಷೆ ಮಾಡಿ: ‘ಇದೆ’ ತೆಗೆದು ‘ನಡೆಯುತ್ತೆ’ ಹಾಕಿದರೆ ಅರ್ಥ ಕೆಡದಿದ್ದರೆ ಸೇರ್.

‘ಎಕ್ಸಾಮೆನ್’ ಪದದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ‘ಎಲ್ ಎಕ್ಸಾಮೆನ್ ಎಸ್ತಾ ಎನ್ ಲ ಮೇಸ’ ಅಂದರೆ ಪ್ರಶ್ನೆಪತ್ರಿಕೆ ಮೇಜಿನ ಮೇಲಿದೆ. ‘ಎಲ್ ಎಕ್ಸಾಮೆನ್ ಎಸ್ ಎನ್ ಲ ಬಿಬ್ಲಿಯೊತೇಕ’ ಅಂದರೆ ಪರೀಕ್ಷೆ ನಡೆಯುವುದು ಲೈಬ್ರರಿಯಲ್ಲಿ. ಪದ ಅದೇ, ಒಂದು ಕಡೆ ಕಾಗದ, ಇನ್ನೊಂದು ಕಡೆ ಘಟನೆ.

ಇನ್ನೊಂದು ಬಲೆ. ‘ಪುಸ್ತಕ ಮೇಜಿನ ಮೇಲಿದೆ’ ಅಂದರೆ ಎಸ್ತಾರ್. ‘ಮೇಜಿನ ಮೇಲೆ ಒಂದು ಪುಸ್ತಕ ಇದೆ’ ಅಂದರೆ ಎಸ್ತಾರ್ ಅಲ್ಲ, ‘ಆಯ್’: ‘ಆಯ್ ಉನ್ ಲೀಬ್ರೊ’. ಗೊತ್ತಿರುವ ಪುಸ್ತಕ ಎಲ್ಲಿದೆ ಅಂತ ಹೇಳುವುದು ಬೇರೆ, ಅಲ್ಲೊಂದು ಪುಸ್ತಕ ಇದೆ ಅಂತ ತಿಳಿಸುವುದು ಬೇರೆ. ಕನ್ನಡ ಇದನ್ನು ಪದಗಳ ಜಾಗ ಬದಲಿಸಿ ಹೇಳುತ್ತದೆ, ಸ್ಪ್ಯಾನಿಷ್ ಕ್ರಿಯಾಪದ ಬದಲಿಸಿ ಹೇಳುತ್ತದೆ.

## ಹಂತ 4: ಏನೋ ಆಗಿ ಮುಗಿದು, ಅದರ ಫಲ ಉಳಿದಿದೆಯಾ?

‘ಬಾಗಿಲು ಮುಚ್ಚಿದೆ.’ ಯಾರೋ ಯಾವಾಗಲೋ ಮುಚ್ಚಿದರು, ಈಗ ಅದು ಮುಚ್ಚಿದ ಸ್ಥಿತಿಯಲ್ಲಿದೆ. ಇದಕ್ಕೆ ಎಸ್ತಾರ್: ‘ಲ ಪ್ವೇರ್ತ ಎಸ್ತಾ ಸೆರ್ರಾದ’. ಸತ್ತವನಿಗೆ ಎಸ್ತಾರ್ ಯಾಕೆ ಅನ್ನುವುದೂ ಇಲ್ಲೇ ಬಗೆಹರಿಯುತ್ತದೆ. ‘ಸತ್ತಿದ್ದಾನೆ’ ಅನ್ನುವಾಗ ನಾವು ಹೇಳುವುದು ಒಂದು ಘಟನೆಯ ನಂತರ ಉಳಿದ ಸ್ಥಿತಿಯನ್ನು. ಆ ಸ್ಥಿತಿ ಎಷ್ಟು ಕಾಲ ಇರುತ್ತದೆ ಅನ್ನುವುದು ಸ್ಪ್ಯಾನಿಷ್‌ಗೆ ಬೇಕಾಗಿಲ್ಲ. ಮದುವೆಯೂ ಹಾಗೇ, ‘ಎಸ್ತಾ ಕಸಾದೊ’. ಮದುವೆಯ ವಿಷಯದಲ್ಲಿ ಮಾತ್ರ ‘ಎಸ್ ಕಸಾದೊ’ ಕೂಡ ಕೇಳಿಬರುತ್ತದೆ, ಅದನ್ನು ತಪ್ಪು ಅನ್ನುವಂತಿಲ್ಲ.

ಮುಚ್ಚಿದ ಘಟನೆಯನ್ನೇ ಹೇಳುವುದಾದರೆ, ‘ಬಾಗಿಲು ಕಾವಲುಗಾರನಿಂದ ಮುಚ್ಚಲ್ಪಟ್ಟಿತು’ ಅನ್ನುವ ಥರ, ಆಗ ಸೇರ್. ಮಾತಿನಲ್ಲಿ ಇದು ಕಡಿಮೆ. ಕನ್ನಡದಲ್ಲಿ ಹೇಗೆ ಕೃತಕವಾಗಿ ಕೇಳಿಸುತ್ತದೋ ಸ್ಪ್ಯಾನಿಷ್ ಮಾತಿನಲ್ಲೂ ಹೆಚ್ಚುಕಡಿಮೆ ಹಾಗೇ.

## ಹಂತ 5: ಉಳಿದದ್ದು ಗುಣವಾಚಕ. ಇಲ್ಲಿ ನಿಧಾನ

ದೊಡ್ಡದು, ತಣ್ಣಗೆ, ಕೆಂಪು, ಚೆಂದ. ಇಲ್ಲಿ ನೀವೇ ನಿರ್ಧಾರ ಮಾಡಬೇಕು. ಕನ್ನಡದ ‘ಇದೆ’ ಇಲ್ಲಿ ನಂಬಿಕೆಗೆ ಅರ್ಹವಲ್ಲ. ‘ಮನೆ ದೊಡ್ಡದಾಗಿದೆ’, ‘ಹೂವು ಕೆಂಪಗಿದೆ’ ಅಂತ ನಾವು ‘ಇದೆ’ ಹಾಕಿಬಿಡುತ್ತೇವೆ. ಸ್ಪ್ಯಾನಿಷ್‌ನಲ್ಲಿ ಎರಡಕ್ಕೂ ಸೇರ್.

ಹಾಗಾಗಿ ವಾಕ್ಯವನ್ನು ಎರಡು ರೀತಿ ಹೇಳಿ ನೋಡಿ. ಮೊದಲು ಗುಣವನ್ನು ಹೆಸರಿನ ಹಿಂದೆ ಅಂಟಿಸಿ: ‘ಅದು ದೊಡ್ಡ ಮನೆ.’ ನೀವು ಹೇಳಬೇಕಾದದ್ದು ಇದೇ ಆಗಿದ್ದರೆ ಮನೆಯನ್ನು ದೊಡ್ಡ ಮನೆಗಳ ಗುಂಪಿಗೆ ಸೇರಿಸುತ್ತಿದ್ದೀರಿ. ‘ಲ ಕಾಸ ಎಸ್ ಗ್ರಾಂದೆ.’ ಆಮೇಲೆ ‘ಇವತ್ತು ಯಾಕೋ’ ಸೇರಿಸಿ ನೋಡಿ: ‘ಇವತ್ತು ಯಾಕೋ ಕಾಫಿ ತಣ್ಣಗಿದೆ.’ ಇದು ಹೊಂದಿದರೆ ಎಸ್ತಾರ್. ‘ಎಲ್ ಕಫೇ ಎಸ್ತಾ ಫ್ರೀಯೊ.’ ‘ಇವತ್ತು ಯಾಕೋ ಮನೆ ದೊಡ್ಡದಾಗಿದೆ’ ಅಂದರೆ ನಗು ಬರುತ್ತದೆ, ಅಲ್ವಾ?

ಎಸ್ತಾರ್ ಹಾಕಿದಾಗ ಹೋಲಿಕೆ ನಡೆಯುವುದು ಬೇರೆಯವರ ಜೊತೆ ಅಲ್ಲ, ಅದೇ ವಸ್ತುವಿನ ಎಂದಿನ ಸ್ಥಿತಿಯ ಜೊತೆ. ಅಕ್ಕನ ಮಗ ‘ಎಸ್ ಆಲ್ತೊ’ ಅಂದರೆ ಎತ್ತರದ ಹುಡುಗ. ಎರಡು ವರ್ಷ ಬಿಟ್ಟು ನೋಡಿ ‘ಎಸ್ತಾಸ್ ಮುಯ್ ಆಲ್ತೊ!’ ಅಂದರೆ ‘ಎಷ್ಟು ಉದ್ದ ಆಗಿಬಿಟ್ಟಿದ್ದೀಯೋ!’ ಅವನು ಮತ್ತೆ ಗಿಡ್ಡ ಆಗುವುದಿಲ್ಲ. ತಾತ್ಕಾಲಿಕ ಅನ್ನುವ ಸೂತ್ರ ಇಲ್ಲೂ ಸೋಲುತ್ತದೆ. ಕಣ್ಣಿಗೆ ಬಿದ್ದ ಬದಲಾವಣೆ ಅಷ್ಟೇ ಎಸ್ತಾರ್‌ಗೆ ಬೇಕಾದದ್ದು.

ಊಟವೂ ಹಾಗೇ. ತಟ್ಟೆಯಲ್ಲಿರುವುದನ್ನು ತಿಂದು ರುಚಿ ಹೇಳುವಾಗ ಎಸ್ತಾರ್: ‘ಲ ಸೋಪ ಎಸ್ತಾ ರೀಕ.’ ಬಾಯಿಗೆ ಹಾಕದೆ ಸಾಮಾನ್ಯ ಮಾತಾಗಿ ಹೇಳಿದರೆ ಸೇರ್ ಬರಬಹುದು. ಊಟಕ್ಕೆ ಕರೆದವರ ಮನೆಯಲ್ಲಿ ಸೇರ್ ಹಾಕಿದರೆ ಅವರ ಅಡುಗೆಯನ್ನು ಹೊಗಳಿದ ಹಾಗೆ ಕೇಳಿಸುವುದಿಲ್ಲ.

## ಹಂತ 6: ಕ್ರಿಯಾಪದ ಬದಲಾದರೆ ಅರ್ಥವೇ ಬದಲಾಗುವ ಪದಗಳು

ಕೆಲವು ಗುಣವಾಚಕಗಳಲ್ಲಿ ಸೇರ್ ಹಾಕಿದರೆ ಒಂದು ಅರ್ಥ, ಎಸ್ತಾರ್ ಹಾಕಿದರೆ ಬೇರೆಯೇ ಅರ್ಥ. ಇಂಗ್ಲಿಷ್ ಅರ್ಥ ಉರುಹೊಡೆಯಬೇಡಿ. ಕನ್ನಡದಲ್ಲಿ ಇವಕ್ಕೆ ಎರಡು ಬೇರೆ ಪದಗಳೇ ಇರುತ್ತವೆ. ನೋಟ್‌ಬುಕ್‌ನಲ್ಲಿ ಪ್ರತಿ ಪದಕ್ಕೂ ಎರಡು ಕನ್ನಡ ಪದ ಬರೆದುಕೊಳ್ಳಿ.

ಅಬುರ್ರೀದೊ. ಸೇರ್ ಜೊತೆ ‘ಬೋರ್ ಹೊಡೆಸುವವನು’, ಎಸ್ತಾರ್ ಜೊತೆ ‘ಬೋರ್ ಆಗಿದೆ’. ‘ಸೋಯ್ ಅಬುರ್ರೀದೊ’ ಅಂದರೆ ನೀವೇ ಕೊರೆಯುವ ಮನುಷ್ಯ ಅಂತ ಒಪ್ಪಿಕೊಂಡ ಹಾಗೆ. ‘ಕನ್ಸಾದೊ’ ಕೂಡ ಇದೇ ಸಾಲು: ಕೆಲಸ ‘ಎಸ್ ಕನ್ಸಾದೊ’ ಅಂದರೆ ಸುಸ್ತು ಮಾಡಿಸುವಂಥದ್ದು, ನಾನು ‘ಎಸ್ತೋಯ್ ಕನ್ಸಾದೊ’ ಅಂದರೆ ನನಗೆ ಸುಸ್ತಾಗಿದೆ.

ಲೀಸ್ತೊ. ಸೇರ್ ಜೊತೆ ಜಾಣ, ಎಸ್ತಾರ್ ಜೊತೆ ರೆಡಿ. ‘ಎಸ್ ಲೀಸ್ತ’ ಅಂದರೆ ಜಾಣೆ, ‘ಎಸ್ತಾ ಲೀಸ್ತ’ ಅಂದರೆ ಹೊರಡೋಕೆ ತಯಾರಾಗಿದ್ದಾಳೆ.

ಬ್ವೇನೊ, ಮಾಲೊ. ಅತಿ ಹೆಚ್ಚು ಎಡವುವುದು ಇಲ್ಲಿ. ಮನುಷ್ಯರ ವಿಷಯದಲ್ಲಿ ‘ಎಸ್ ಬ್ವೇನೊ’ ಒಳ್ಳೆಯವನು, ‘ಎಸ್ ಮಾಲೊ’ ಕೆಟ್ಟವನು. ‘ಎಸ್ತಾ ಮಾಲೊ’ ಅಂದರೆ ಹುಷಾರಿಲ್ಲ. ಇದು ಸ್ಪೇನ್‌ನಲ್ಲಿ ಜಾಸ್ತಿ, ಲ್ಯಾಟಿನ್ ಅಮೆರಿಕದಲ್ಲಿ ‘ಎಸ್ತಾ ಎನ್ಫೇರ್ಮೊ’ ಸುರಕ್ಷಿತ. ಹಾಲು ‘ಎಸ್ತಾ ಮಾಲ’ ಅಂದರೆ ಒಡೆದಿದೆ, ಕೆಟ್ಟುಹೋಗಿದೆ.

‘ಎಸ್ತಾ ಬ್ವೇನೊ’ ಊಟಕ್ಕೆ ಹೇಳಿದರೆ ರುಚಿಯಾಗಿದೆ. ಮನುಷ್ಯರಿಗೆ ಹೇಳಿದರೆ ಮೈಕಟ್ಟನ್ನು ಕಣ್ಣಲ್ಲೇ ತಿಂದ ಹಾಗೆ. ಕಲಿಯುತ್ತಿದ್ದ ಮೊದಲ ವರ್ಷ ಒಂದು ವಿಡಿಯೊ ಕಾಲ್‌ನಲ್ಲಿ ‘ಕೋಮೊ ಎಸ್ತಾಸ್?’ ಅಂತ ಕೇಳಿದ್ದಕ್ಕೆ ನಾನು ಗಂಭೀರವಾಗಿ ‘ಎಸ್ತೋಯ್ ಮುಯ್ ಬ್ವೇನೊ’ ಅಂದಿದ್ದೆ. ಆ ಕಡೆ ಆರು ಜನ ಒಟ್ಟಿಗೆ ಮ್ಯೂಟ್ ಒತ್ತಿದ್ದು ಕಾಣಿಸಿತು. ಹೇಳಬೇಕಾದದ್ದು ‘ಎಸ್ತೋಯ್ ಬ್ಯೇನ್’. ‘ಚೆನ್ನಾಗಿದ್ದೀನಿ’ ಅನ್ನುವುದರಲ್ಲಿ ‘ಚೆನ್ನಾಗಿ’ ಇದೆಯಲ್ಲ, ಅದೇ ಬ್ಯೇನ್. ‘ಒಳ್ಳೆಯವನಾಗಿದ್ದೀನಿ’ ಅಂತ ನಾವೂ ಅನ್ನುವುದಿಲ್ಲ.

ಬೇರ್ದೆ, ಮದೂರೊ. ‘ಎಸ್ ಬೇರ್ದೆ’ ಬಣ್ಣ ಹಸಿರು, ‘ಎಸ್ತಾ ಬೇರ್ದೆ’ ಇನ್ನೂ ಕಾಯಿ. ‘ಎಸ್ ಮದೂರೊ’ ಪ್ರಬುದ್ಧ ಮನುಷ್ಯ, ‘ಎಸ್ತಾ ಮದೂರೊ’ ಹಣ್ಣಾಗಿದೆ. ಕಾಯಿ, ಹಣ್ಣು ಅಂತ ಎರಡು ಪದ ಇರುವ ನಮಗೆ ಇದು ಇಂಗ್ಲಿಷ್‌ನವರಿಗಿಂತ ಸುಲಭ. ಕೆಲವು ಮಾವಿನ ಜಾತಿಗಳು ಹಣ್ಣಾದರೂ ಸಿಪ್ಪೆ ಹಸಿರಾಗೇ ಇರುತ್ತದೆ. ಅಂಥದ್ದನ್ನು ಕೈಯಲ್ಲಿ ಹಿಡಿದು ‘ಎಸ್ ಬೇರ್ದೆ, ಪೇರೊ ನೊ ಎಸ್ತಾ ಬೇರ್ದೆ’ ಅಂತ ಹೇಳಿ ನೋಡಿ. ಹಸಿರು ಹೌದು, ಆದರೆ ಕಾಯಿ ಅಲ್ಲ. ಇದನ್ನು ತಡವರಿಸದೆ ಹೇಳಲು ಬಂದರೆ ವಿಷಯ ಕೈಗೆ ಸಿಕ್ಕಿದೆ ಅಂತ ಲೆಕ್ಕ.

ಸೆಗೂರೊ. ಊರು ‘ಎಸ್ ಸೆಗೂರೊ’ ಅಂದರೆ ಭಯವಿಲ್ಲದ ಜಾಗ. ‘ಎಸ್ತೋಯ್ ಸೆಗೂರೊ’ ಅಂದರೆ ನನಗೆ ಖಾತ್ರಿ ಇದೆ.

ಬೀಬೊ. ‘ಎಸ್ ಬೀಬೊ’ ಚುರುಕು, ಚಾಲಾಕಿ. ‘ಎಸ್ತಾ ಬೀಬೊ’ ಬದುಕಿದ್ದಾನೆ.

ಒರ್ಗುಯೋಸೊ, ಇಂತೆರೆಸಾದೊ. ಕೆಲಸದ ಇಂಟರ್‌ವ್ಯೂಗೆ ಹೋಗುವವರು ಈ ಎರಡನ್ನು ಬಿಡಬೇಡಿ. ‘ಎಸ್ತೋಯ್ ಒರ್ಗುಯೋಸೊ’ ಅಂದರೆ ಹೆಮ್ಮೆ ಇದೆ, ‘ಸೋಯ್ ಒರ್ಗುಯೋಸೊ’ ಅಂದರೆ ಜಂಬದವನು. ‘ಎಸ್ತೋಯ್ ಇಂತೆರೆಸಾದೊ’ ಅಂದರೆ ಆಸಕ್ತಿ ಇದೆ, ‘ಸೋಯ್ ಇಂತೆರೆಸಾದೊ’ ಅಂದರೆ ನನ್ನ ಲಾಭ ಮಾತ್ರ ನೋಡುವವನು. ಒಂದೇ ವಾಕ್ಯದಲ್ಲಿ ಎರಡನ್ನೂ ಸೇರ್ ಹಾಕಿ ಹೇಳಿದರೆ ನೀವು ಜಂಬದ ಸ್ವಾರ್ಥಿ ಅಂತ ಪರಿಚಯ ಮಾಡಿಕೊಂಡ ಹಾಗೆ.

ಇವುಗಳನ್ನು ಸಾಲಾಗಿ ನೋಡಿದರೆ ಒಂದು ಎಳೆ ಕಾಣುತ್ತದೆ. ಸೇರ್ ಬಂದ ಕಡೆ ಕನ್ನಡದಲ್ಲಿ ‘-ವನು, -ವಳು, -ದ್ದು’ ಬರುತ್ತದೆ: ಕೊರೆಯುವವನು, ಜಂಬದವನು, ಕೆಟ್ಟವನು. ಎಸ್ತಾರ್ ಬಂದ ಕಡೆ ‘ಆಗಿದೆ, ಇದೆ’ ಬರುತ್ತದೆ. ಹೊಸ ಪದ ಸಿಕ್ಕಾಗ ಈ ಎಳೆ ಹಿಡಿದು ಊಹೆ ಮಾಡಿ, ಆಮೇಲೆ ನಿಘಂಟು ತೆಗೆಯಿರಿ.

## ಹಂತ 7: ಒಂದು ಮೆಸೇಜ್ ಪೂರ್ತಿ ಬಿಡಿಸೋಣ

ವಲೆನ್ಸಿಯಾಗೆ ಓದೋಕೆ ಹೋದ ಹುಡುಗಿಯೊಬ್ಬಳು ಹೀಗೆ ಬರೆಯಬೇಕು ಅಂದುಕೊಳ್ಳಿ: ‘ನಾನು ಮೈಸೂರಿನವಳು, ಈಗ ವಲೆನ್ಸಿಯಾದಲ್ಲಿದ್ದೀನಿ. ರೂಮು ಚಿಕ್ಕದು, ಆದರೆ ಕ್ಲೀನಾಗಿದೆ. ಕಿತ್ತಳೆ ಹಣ್ಣಾಗಿದೆ, ತುಂಬ ರುಚಿಯಾಗಿದೆ. ಪರೀಕ್ಷೆ ಸೋಮವಾರ ಲೈಬ್ರರಿಯಲ್ಲಿದೆ. ಪುಸ್ತಕ ಬೋರು, ನನಗೂ ಬೋರಾಗಿದೆ. ಆದರೂ ರೆಡಿ ಇದ್ದೀನಿ.’

ಮೈಸೂರಿನವಳು ಅನ್ನುವುದು ಎರಡನೇ ಹಂತದಲ್ಲೇ ಮುಗಿಯಿತು: ‘ಸೋಯ್ ದೆ ಮೈಸೂರು’. ವಲೆನ್ಸಿಯಾದಲ್ಲಿ ಮನುಷ್ಯ ಇರುವುದು ಮೂರನೇ ಹಂತ: ‘ಎಸ್ತೋಯ್ ಎನ್ ವಲೆನ್ಸಿಯಾ’. ಚಿಕ್ಕ ರೂಮು ಅನ್ನುವುದು ಗುಂಪಿನ ಮಾತು: ‘ಎಲ್ ಕ್ವಾರ್ತೊ ಎಸ್ ಪೆಕೇನ್ಯೊ’. ಕ್ಲೀನು ಮಾತ್ರ ಇವತ್ತಿನ ಸ್ಥಿತಿ, ನಾಳೆ ಗುಡಿಸದಿದ್ದರೆ ಹೋಯಿತು: ‘ಎಸ್ತಾ ಲೀಂಪ್ಯೊ’. ಒಂದೇ ರೂಮಿಗೆ ಒಂದೇ ವಾಕ್ಯದಲ್ಲಿ ಎರಡೂ ಬಂದವು.

ಕಿತ್ತಳೆ ಹಣ್ಣಾಗಿದೆ: ‘ಲಾಸ್ ನರಾಂಹಸ್ ಎಸ್ತಾನ್ ಮದೂರಸ್’. ಇಲ್ಲಿ ‘ಸೋನ್’ ಹಾಕಿದರೆ ಕಿತ್ತಳೆಗಳು ಲೋಕಜ್ಞಾನ ಇರುವ ಹಣ್ಣುಗಳಾಗುತ್ತವೆ. ರುಚಿ ಅವಳು ತಿಂದು ಹೇಳುತ್ತಿದ್ದಾಳೆ: ‘ಎಸ್ತಾನ್ ಮುಯ್ ರೀಕಸ್’.

ಪರೀಕ್ಷೆಯ ಸಾಲಿನಲ್ಲಿ ಕನ್ನಡದ ‘ಇದೆ’ ಎಳೆಯುತ್ತದೆ. ‘ನಡೆಯುತ್ತೆ’ ಹಾಕಿ ನೋಡಿ, ಹೊಂದುತ್ತದೆ. ಹಾಗಾಗಿ ‘ಎಲ್ ಎಕ್ಸಾಮೆನ್ ಎಸ್ ಎಲ್ ಲೂನೆಸ್ ಎನ್ ಲ ಬಿಬ್ಲಿಯೊತೇಕ’. ಪುಸ್ತಕ ಬೋರ್ ಹೊಡೆಸುವಂಥದ್ದು: ‘ಎಲ್ ಲೀಬ್ರೊ ಎಸ್ ಅಬುರ್ರೀದೊ’. ಅವಳಿಗೆ ಬೋರಾಗಿದೆ: ‘ಎಸ್ತೋಯ್ ಅಬುರ್ರೀದ’. ಕೊನೆಯ ಅಕ್ಷರ ಪುಸ್ತಕಕ್ಕೆ ಒಂದು, ಹುಡುಗಿಗೆ ಇನ್ನೊಂದು ಅನ್ನುವುದನ್ನೂ ನೋಡಿಕೊಳ್ಳಿ. ರೆಡಿ ಇದ್ದೀನಿ: ‘ಎಸ್ತೋಯ್ ಲೀಸ್ತ’.

## ಕಳಿಸುವ ಮುಂಚೆ ಕಣ್ಣಾಡಿಸಬೇಕಾದ ಜಾಗಗಳು

ಬರೆದು ಮುಗಿದ ಮೇಲೆ ಈ ನಾಲ್ಕು ಕಂಡರೆ ತಪ್ಪು ಇರುವುದು ಹೆಚ್ಚುಕಡಿಮೆ ಖಾತ್ರಿ. ‘ಎಸ್ತಾ’ ಆದ ತಕ್ಷಣ ‘ಉನ್’ ಅಥವಾ ‘ಉನ’ ಬಂದು ನಾಮಪದ ನಿಂತಿದ್ದರೆ. ‘ಎಸ್’ ಅಥವಾ ‘ಸೋಯ್’ ಪಕ್ಕದಲ್ಲಿ ‘-ಆಂದೊ, -ಯೇಂದೊ’ ಇದ್ದರೆ. ‘ಸೋಯ್’ ಪಕ್ಕದಲ್ಲಿ ‘ಬ್ಯೇನ್’ ಅಥವಾ ‘ಕೊಂತೇಂತೊ’ ಇದ್ದರೆ. ಖುಷಿಯಾಗಿದ್ದೀನಿ ಅನ್ನುವ ಈ ಎರಡನೇ ಪದ ಎಸ್ತಾರ್ ಬಿಟ್ಟು ಹೋಗುವುದಿಲ್ಲ. ‘ಸೋಯ್ ದೆ ಅಕ್ವೇರ್ದೊ’ ಅಂತ ಬರೆದಿದ್ದರೆ. ಒಪ್ಪಿಗೆ ಇದೆ ಅನ್ನೋಕೆ ‘ಎಸ್ತೋಯ್ ದೆ ಅಕ್ವೇರ್ದೊ’.

ಭೂತಕಾಲಕ್ಕೆ ಹೋದರೂ ಅರ್ಥದ ಗೆರೆ ಅಲ್ಲೇ ಇರುತ್ತದೆ. ‘ಏರ ಲೀಸ್ತೊ’ ಜಾಣನಾಗಿದ್ದ, ‘ಎಸ್ತಾಬ ಲೀಸ್ತೊ’ ರೆಡಿಯಾಗಿದ್ದ. ಇಲ್ಲಿ ಕನ್ನಡ ಎರಡಕ್ಕೂ ‘ಆಗಿದ್ದ’ ಅಂದುಬಿಡುತ್ತದೆ, ಸಹಾಯಕ್ಕೆ ಬರುವುದಿಲ್ಲ. ಅದಕ್ಕೇ ಭೂತಕಾಲದ ವಾಕ್ಯವನ್ನು ಮೊದಲು ವರ್ತಮಾನಕ್ಕೆ ತಂದು, ಕ್ರಿಯಾಪದ ಗೊತ್ತುಮಾಡಿಕೊಂಡು, ಆಮೇಲೆ ಹಿಂದಕ್ಕೆ ಒಯ್ಯಿರಿ.